ಹೆಸರು ಗೊತ್ತಿಲ್ಲದ ಫಾಂಟಿಗೆ ಜೋಡಿ ಹುಡುಕುವ ಬಗೆ

ಡಿಟಿಪಿ ಅಂಗಡಿಗಳಿಗೆ ಪದೇ ಪದೇ ಬರುವ ಒಂದು ಕೆಲಸವಿದೆ. ಲಗ್ನಪತ್ರಿಕೆಯ ಜೆಪೆಗ್ ಚಿತ್ರ ಮೊಬೈಲಿನಲ್ಲಿದೆ, ಮೂಲ ಫೈಲು ಯಾರ ಬಳಿಯೂ ಇಲ್ಲ, ಕಲ್ಯಾಣ ಮಂಟಪ ಬದಲಾಗಿದೆ. ಒಂದು ಸಾಲು ತಿದ್ದಿಕೊಡಿ ಎನ್ನುತ್ತಾರೆ. ಚಿತ್ರದಲ್ಲಿರುವುದು ಬರೀ ಬಣ್ಣದ ಚುಕ್ಕೆಗಳು. ಅಕ್ಷರಗಳು ಯಾವ ಫಾಂಟಿನವು ಎಂಬ ಮಾಹಿತಿ ಅದರೊಳಗೆ ಉಳಿದಿಲ್ಲ. ಹೊಸ ಸಾಲು ಮಾತ್ರ ಹಳೆಯ ಸಾಲುಗಳ ನಡುವೆ ಬೇರೆಯಾಗಿ ಕಾಣಬಾರದು.

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ‘ಇದು ಯಾವ ಫಾಂಟು?’ ಎಂದು ಕೇಳುತ್ತೇವೆ. ಹೆಸರು ಸಿಕ್ಕರೆ ಒಳ್ಳೆಯದೇ. ಆದರೆ ಕನ್ನಡದ ಮಟ್ಟಿಗೆ ಎಷ್ಟೋ ಸಲ ಹೆಸರು ಸಿಗುವುದಿಲ್ಲ, ಸಿಕ್ಕರೂ ಆ ಫಾಂಟು ನಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಆಗ ಬೇಕಾಗುವುದು ಅಳತೆ: ಗೆರೆಯ ದಪ್ಪ, ಅಕ್ಷರದ ಎತ್ತರ, ಅಗಲ, ಒತ್ತಕ್ಷರ ಇಳಿಯುವ ಆಳ. ಹೊಸ ಅಕ್ಷರ ಎಷ್ಟು ಹತ್ತಿರ ಇರಬೇಕೆಂಬುದನ್ನು ಅದರ ಪಕ್ಕದಲ್ಲಿ ಉಳಿಯುವ ಹಳೆಯ ಅಕ್ಷರಗಳು ಹೇಳುತ್ತವೆ. ಈ ಕೆಲಸಕ್ಕೆ ಬಳಕೆಯಲ್ಲಿರುವ ದಾರಿಗಳನ್ನು ಒಂದೊಂದಾಗಿ ನೋಡಿ, ಪ್ರತಿಯೊಂದೂ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಪರಿಶೀಲಿಸೋಣ.

ಮೊದಲು ಕೇಳಬೇಕಾದದ್ದು: ಪಿಡಿಎಫ್ ಇದೆಯೇ?

ಚಿತ್ರವೊಂದೇ ಇದೆ ಎಂದು ಗಿರಾಕಿ ಹೇಳಿದರೂ ಅಚ್ಚು ಹಾಕಿಸುವ ಮೊದಲು ಒಪ್ಪಿಗೆಗಾಗಿ ಬಂದ ಪಿಡಿಎಫ್ ಮನೆಯ ಇನ್ನಾರದೋ ಫೋನಿನಲ್ಲಿ ಇರುವುದುಂಟು. ಅದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಪಿಡಿಎಫ್ ತನ್ನೊಳಗಿನ ಫಾಂಟುಗಳ ಹೆಸರನ್ನು ಇಟ್ಟುಕೊಂಡಿರುತ್ತದೆ. ಅಕ್ರೋಬ್ಯಾಟಿನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಎಂಬಲ್ಲಿ ನೋಡಬಹುದು, ಇಲ್ಲವೇ ಈ ಒಂದು ಸಾಲು ಸಾಕು:

```
pdffonts patrike.pdf
```

ಪಟ್ಟಿಯಲ್ಲಿ ಹೆಸರಿನ ಹಿಂದೆ ಆರು ದೊಡ್ಡಕ್ಷರ ಮತ್ತು ಕೂಡುಚಿಹ್ನೆ ಇದ್ದರೆ ಗಾಬರಿ ಬೇಡ. ಬಳಸಿದ ಅಕ್ಷರಗಳನ್ನಷ್ಟೇ ಫೈಲಿನಲ್ಲಿ ಸೇರಿಸಲಾಗಿದೆ ಎಂದು ಅದರರ್ಥ. ಕೂಡುಚಿಹ್ನೆಯ ಮುಂದಿರುವುದೇ ಫಾಂಟಿನ ಹೆಸರು. ಪಟ್ಟಿ ಖಾಲಿ ಬಂದರೆ, ಕೋರಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ ಮಾಡಿ ಉಳಿಸಿರಬೇಕು ಅಥವಾ ಪಿಡಿಎಫ್ ಒಳಗೂ ಚಿತ್ರವೇ ಇರಬೇಕು. ಕರ್ವ್ ಆಗಿದ್ದರೆ ಹೆಸರು ಹೋದರೂ ಗೆರೆಗಳ ಅಂಚು ಚೊಕ್ಕಟವಾಗಿ ಉಳಿದಿರುತ್ತದೆ. ಅಂಥ ಅಂಚು ಜೆಪೆಗ್‌ನಿಂದ ಎಂದೂ ಸಿಗದು.

ತಾನಾಗಿ ಗುರುತಿಸುವ ಸಲಕರಣೆಗಳ ಮಿತಿ

ಇಂಗ್ಲಿಷ್ ಅಕ್ಷರಗಳಿಗೆ ಮೈಫಾಂಟ್ಸ್‌ನ ವಾಟ್‌ದಫಾಂಟ್, ಫಾಂಟ್ ಸ್ಕ್ವಿರಲ್‌ನ ಮ್ಯಾಚರೇಟರ್, ಫೋಟೋಶಾಪಿನ ಮ್ಯಾಚ್ ಫಾಂಟ್ ಮುಂತಾದ ಸಲಕರಣೆಗಳಿವೆ. ಐಡೆಂಟಿಫಾಂಟ್ ಚಿತ್ರ ಕೇಳುವುದಿಲ್ಲ. ಅಕ್ಷರದ ರೂಪದ ಬಗ್ಗೆ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾ ಪಟ್ಟಿಯನ್ನು ಕಿರಿದು ಮಾಡುತ್ತದೆ. ಬಿಡಿಬಿಡಿಯಾಗಿ ನಿಂತ, ನೇರವಾದ, ಸಾಕಷ್ಟು ದೊಡ್ಡ ಅಕ್ಷರಗಳಿದ್ದರೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಇವು ಮುಖ್ಯವಾಗಿ ರೋಮನ್ ಲಿಪಿಗಾಗಿ ಮಾಡಿದವು. ಕನ್ನಡದ ಸಾಲು ಕೊಟ್ಟರೆ ಗುಂಡಗಿನ ಯಾವುದೋ ಇಂಗ್ಲಿಷ್ ಫಾಂಟಿನ ಹೆಸರು ಹೇಳಿ ಸುಮ್ಮನಾಗುತ್ತವೆ.

ಇಂಗ್ಲಿಷಿನಲ್ಲೂ ಉತ್ತರವನ್ನು ಕಣ್ಣಾರೆ ಪರೀಕ್ಷಿಸದೆ ನಂಬುವಂತಿಲ್ಲ. ಏರಿಯಲ್ ಮತ್ತು ಹೆಲ್ವೆಟಿಕಾ ಇದಕ್ಕೆ ಒಳ್ಳೆಯ ಉದಾಹರಣೆ. 1982ರಲ್ಲಿ ಮೊನೊಟೈಪ್ ಸಂಸ್ಥೆಗಾಗಿ ರಾಬಿನ್ ನಿಕೋಲಸ್ ಮತ್ತು ಪೆಟ್ರೀಷಿಯಾ ಸಾಂಡರ್ಸ್ ರೂಪಿಸಿದ ಏರಿಯಲ್‌ನ ಅಕ್ಷರಗಳ ಅಗಲ ಹೆಲ್ವೆಟಿಕಾದ ಅಗಲಕ್ಕೆ ಸರಿಸಮ. ಆದ್ದರಿಂದ ಒಂದರ ಮೇಲೆ ಇನ್ನೊಂದನ್ನು ಇಟ್ಟರೆ ಸಾಲಿನ ಉದ್ದ ಸರಿಯಾಗಿಯೇ ಕೂರುತ್ತದೆ. ವ್ಯತ್ಯಾಸ ಕಾಣುವುದು ಬಿಡಿ ಅಕ್ಷರಗಳಲ್ಲಿ. ಹೆಲ್ವೆಟಿಕಾದ `t` ತಲೆಯನ್ನು ಅಡ್ಡಕ್ಕೆ ನೇರವಾಗಿ ಕತ್ತರಿಸಿದೆ, ಏರಿಯಲ್‌ನದು ಓರೆ. ಹೆಲ್ವೆಟಿಕಾದ `R` ಕಾಲು ಬಾಗಿ ಬಹುತೇಕ ನೆಟ್ಟಗೆ ಇಳಿಯುತ್ತದೆ, ಏರಿಯಲ್‌ನದು ಓರೆಯಾಗಿ ಚಾಚುತ್ತದೆ. `G` ಕೆಳಗೆ ಹೆಲ್ವೆಟಿಕಾಕ್ಕೆ ಚಿಕ್ಕ ಮೊಳೆಯಿದೆ, ಏರಿಯಲ್‌ಗೆ ಇಲ್ಲ. ಹಾಗಾಗಿ ಅಗಲ ಹೊಂದಿತು ಎಂದರೆ ಫಾಂಟು ಸಿಕ್ಕಿತು ಎಂದಲ್ಲ. ಆದರೆ ಬದಲಿಗಾಗಿ ಹುಡುಕುವವರಿಗೆ ಈ ಗುಣವೇ ವರ. ಲಿಬರೇಷನ್ ಸ್ಯಾನ್ಸ್, ಅರಿಮೊ ಎಂಬ ಉಚಿತ ಫಾಂಟುಗಳನ್ನು ಏರಿಯಲ್ ಅಗಲಕ್ಕೆ ಹೊಂದುವಂತೆ ಬೇಕೆಂದೇ ಮಾಡಲಾಗಿದೆ. ಕ್ಯಾಲಿಬ್ರಿಗೆ ಕಾರ್ಲಿಟೊ ಇದೆ.

ಕಾಲದಿಂದ ಜರಡಿ ಹಿಡಿಯುವುದು

ಫಾಂಟಿಗೂ ಹುಟ್ಟಿದ ವರ್ಷ ಇರುತ್ತದೆ. ಚಿತ್ರ ಯಾವ ಕಾಲದ್ದು ಎಂದು ಗೊತ್ತಿದ್ದರೆ ಅದಾದ ಮೇಲೆ ಬಂದ ಫಾಂಟುಗಳನ್ನೆಲ್ಲ ಪಟ್ಟಿಯಿಂದ ಕೈಬಿಡಬಹುದು. ಪಾಕಿಸ್ತಾನದಲ್ಲಿ 2017ರಲ್ಲಿ ದೊಡ್ಡ ಸುದ್ದಿಯಾದ ದಾಖಲೆಗಳ ಪ್ರಕರಣದಲ್ಲಿ ಇದೇ ತರ್ಕ ಕೆಲಸಕ್ಕೆ ಬಂದಿತ್ತು. 2006ರ ತಾರೀಖು ಹೊತ್ತ ಪತ್ರ ಕ್ಯಾಲಿಬ್ರಿಯಲ್ಲಿತ್ತು, ಆ ಫಾಂಟು ಜನಸಾಮಾನ್ಯರ ಕೈಗೆ ಬಂದದ್ದು 2007ರಲ್ಲಿ.

ಕನ್ನಡದಲ್ಲೂ ಇಂಥ ಗುರುತುಗಳಿವೆ. ಬರಹ ತಂತ್ರಾಂಶ ಹೊರಬಂದದ್ದು 1998ರಲ್ಲಿ. ತುಂಗಾ ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ಬಂತು. ಏಕ್ ಟೈಪ್‌ನ ಅನೇಕ್ ಕನ್ನಡ 2022ರದ್ದು. ಹದಿನೈದು ವರ್ಷದ ಹಿಂದಿನ ಕರಪತ್ರವನ್ನು ಅನೇಕ್ ಜೊತೆ ಹೋಲಿಸಿ ಹೆಸರು ಹುಡುಕುವುದು ವ್ಯರ್ಥ. ಬದಲಿಯಾಗಿ ಅದನ್ನು ಬಳಸಬಾರದೆಂದೇನೂ ಇಲ್ಲ.

ಲಗ್ನಪತ್ರಿಕೆ, ಕರಪತ್ರ, ಬ್ಯಾನರುಗಳ ವಿಷಯಕ್ಕೆ ಬಂದರೆ ಹೊಸ ಯೂನಿಕೋಡ್ ಫಾಂಟುಗಳಿಗಿಂತ ಹಳೆಯ ಆಸ್ಕಿ ಫಾಂಟುಗಳ ಕಡೆಗೇ ಮೊದಲು ನೋಡುವುದು ಲೇಸು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಕನ್ನಡ ಗಣಕ ಪರಿಷತ್ತಿನ ನುಡಿ, ಬರಹ ಇವುಗಳಲ್ಲಿ ನೂರಾರು ಅಂಗಡಿಗಳ ಕೈ ಪಳಗಿದೆ. ಪೇಜ್‌ಮೇಕರ್, ಕೋರಲ್‌ಡ್ರಾ, ಫೋಟೋಶಾಪಿನ ಹಳೆಯ ಆವೃತ್ತಿಗಳು ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲ ಎಂಬುದು ಇದಕ್ಕೆ ದೊಡ್ಡ ಕಾರಣ.

ಮಾದರಿ ಹಾಳೆ ಮತ್ತು ಅದರ ಬಲೆ

ಸಲಕರಣೆಗಳು ನೆರವಾಗದ ಕಡೆ ಉಳಿಯುವ ದಾರಿ ಒಂದೇ: ಚಿತ್ರದಲ್ಲಿರುವ ಒಂದು ಪದವನ್ನು ನಮ್ಮಲ್ಲಿರುವ ಎಲ್ಲ ಕನ್ನಡ ಫಾಂಟುಗಳಲ್ಲಿ ಒಂದರ ಕೆಳಗೊಂದು ಬರೆದು ಮಾದರಿ ಹಾಳೆ ಮಾಡಿಕೊಳ್ಳುವುದು.

ಇಲ್ಲೊಂದು ಬಲೆಯಿದೆ. ಯೂನಿಕೋಡಿನಲ್ಲಿ ಬರೆದ ಪದವನ್ನು ಆರಿಸಿ ನುಡಿಯ ಹಳೆಯ ಆಸ್ಕಿ ಫಾಂಟು ಹಚ್ಚಿದರೆ, ಆ ಫಾಂಟಿನಲ್ಲಿ ಯೂನಿಕೋಡ್ ಕನ್ನಡ ಅಕ್ಷರಗಳೇ ಇರುವುದಿಲ್ಲ. ತಂತ್ರಾಂಶ ಸದ್ದಿಲ್ಲದೆ ತುಂಗಾ ಅಥವಾ ನಿರ್ಮಲಾ ಫಾಂಟನ್ನು ಹಾಕಿ ತೋರಿಸುತ್ತದೆ. ಮೇಲೆ ನುಡಿ ಎಂಬ ಹೆಸರು, ಕೆಳಗೆ ತುಂಗಾದ ರೂಪ. ಹಾಳೆಯಲ್ಲಿ ನಾಲ್ಕಾರು ‘ಬೇರೆ ಬೇರೆ’ ಫಾಂಟುಗಳು ಒಂದೇ ಥರ ಕಂಡರೆ ಹೀಗಾಗಿದೆ ಎಂದೇ ತಿಳಿಯಬೇಕು. ಆದ್ದರಿಂದ ಹಾಳೆ ಎರಡು ಬೇಕು. ಒಂದು ಯೂನಿಕೋಡಿಗೆ, ಇನ್ನೊಂದು ಪರಿವರ್ತಕದಿಂದ ಆಸ್ಕಿಗೆ ತಿರುಗಿಸಿದ ಪಠ್ಯಕ್ಕೆ. ನುಡಿಯ ಸಂಕೇತ ವ್ಯವಸ್ಥೆ ಬೇರೆ, ಶ್ರೀಲಿಪಿಯದು ಬೇರೆ. ಒಂದಕ್ಕೆ ತಿರುಗಿಸಿದ ಪಠ್ಯ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತದೆ.

ಹಾಳೆಯ ಮುಂದೆ ಕುಳಿತಾಗ ಎಲ್ಲ ಅಕ್ಷರಗಳನ್ನೂ ಒಂದೇ ಸಮ ನೋಡಬೇಕಿಲ್ಲ. ರ, ಠ, ದ ಗಳ ಗುಂಡು ಒಡಲು ಹತ್ತಾರು ಫಾಂಟುಗಳಲ್ಲಿ ಹೆಚ್ಚುಕಡಿಮೆ ಒಂದೇ. ಗುಟ್ಟು ಬಿಟ್ಟುಕೊಡುವ ಜಾಗಗಳು ಬೇರೆ. ತಲೆಕಟ್ಟಿನ ಬಲ ತುದಿ ಮೊಂಡಾಗಿ ನಿಲ್ಲುತ್ತದೆಯೇ, ಮೇಲಕ್ಕೆ ಚಿಮ್ಮುತ್ತದೆಯೇ ನೋಡಿ. ಧ, ಫ, ಭ ಗಳ ಅಡಿಯ ಚಿಕ್ಕ ಗೀಟು ಒಡಲಿಗೆ ಅಂಟಿದೆಯೇ, ಬಿಟ್ಟು ನಿಂತಿದೆಯೇ ನೋಡಿ. ಷ ಒಳಗಿನ ಅಡ್ಡಗೆರೆ, ಳ ದ ಬಾಲ, ದೀರ್ಘದ ಕೊಂಡಿ, ಅರ್ಕಾವೊತ್ತಿನ ಸುರುಳಿ, ಇವೆಲ್ಲ ಒಬ್ಬೊಬ್ಬ ವಿನ್ಯಾಸಕನ ಕೈಯಲ್ಲಿ ಒಂದೊಂದು ರೂಪ ಪಡೆದಿರುತ್ತವೆ. ‘ಮುಹೂರ್ತ’, ‘ಆರತಕ್ಷತೆ’, ‘ಆಶೀರ್ವಾದ’ ಎಂಬ ಲಗ್ನಪತ್ರಿಕೆಯ ಮಾಮೂಲಿ ಪದಗಳಲ್ಲೇ ಈ ಗುರುತುಗಳಲ್ಲಿ ಹಲವು ಸಿಕ್ಕಿಬಿಡುತ್ತವೆ.

ಹಿಗ್ಗಿಸಿದ್ದನ್ನು, ಕುಗ್ಗಿಸಿದ್ದನ್ನು ಮೊದಲು ಬಿಚ್ಚಬೇಕು

ಮಾದರಿ ಹಾಳೆಯಲ್ಲಿ ಸರಿಯಾದ ಫಾಂಟು ಇದ್ದೂ ಕಣ್ಣು ತಪ್ಪಿಸುವುದಕ್ಕೆ ಮುಖ್ಯ ಕಾರಣ, ಚಿತ್ರದಲ್ಲಿರುವ ಅಕ್ಷರ ತನ್ನ ಸಹಜ ರೂಪದಲ್ಲಿ ಇಲ್ಲದಿರುವುದು. ಉದ್ದನೆಯ ಹೆಸರು ಒಂದು ಸಾಲಿನಲ್ಲಿ ಹಿಡಿಯಲಿ ಎಂದು ಕೋರಲ್‌ಡ್ರಾದಲ್ಲಿ ಪಕ್ಕದ ಹಿಡಿಕೆ ಹಿಡಿದು ಒತ್ತಿರುತ್ತಾರೆ. ದಪ್ಪ ಕಾಣಲಿ ಎಂದು ಅದೇ ಬಣ್ಣದ ಔಟ್‌ಲೈನ್ ಸುತ್ತಿರುತ್ತಾರೆ.

ಕುಗ್ಗಿಸಿದ್ದನ್ನು ಪತ್ತೆಮಾಡಲು ಕನ್ನಡದಲ್ಲಿ ಒಂದು ಸುಲಭದ ಸಾಧನವಿದೆ: ಸೊನ್ನೆ. ಬಹಳಷ್ಟು ಫಾಂಟುಗಳಲ್ಲಿ ಅನುಸ್ವಾರ ಬಹುತೇಕ ದುಂಡಗೆ ಇರುತ್ತದೆ. ನಮ್ಮ ಲಗ್ನಪತ್ರಿಕೆಯ ಸಾಲು ‘ಶ್ರೀ ವೆಂಕಟೇಶ್ವರ ಕಲ್ಯಾಣ ಮಂಟಪ’ ಎಂದಿದೆ ಎಂದುಕೊಳ್ಳಿ. ಅದು ‘ಶ್ರೀ ಲಕ್ಷ್ಮೀ ಕಲ್ಯಾಣ ಮಂಟಪ’ ಎಂದಾಗಬೇಕು. ಚಿತ್ರವನ್ನು ದೊಡ್ಡದು ಮಾಡಿ ‘ಮಂಟಪ’ದ ಸೊನ್ನೆ ಅಳೆದರೆ ಎತ್ತರ 40 ಪಿಕ್ಸೆಲ್, ಅಗಲ 34 ಬರುತ್ತದೆ. ಅಗಲ ಎತ್ತರದ ಶೇ 85. ಇಷ್ಟಕ್ಕೇ ಕುಗ್ಗಿಸಿದ್ದಾರೆ ಎನ್ನಲಾಗದು, ಸೊನ್ನೆಯನ್ನೇ ಕಿರಿದಾಗಿ ಬರೆದ ಫಾಂಟುಗಳೂ ಇವೆ. ಈಗ ಅದೇ ಸೊನ್ನೆಯ ಗೆರೆಯ ದಪ್ಪ ನೋಡಬೇಕು. ಮೇಲೆ ಕೆಳಗೆ 7 ಪಿಕ್ಸೆಲ್, ಎಡ ಬಲಕ್ಕೆ 6. ಇದೂ ಸುಮಾರು ಶೇ 85. ವಿನ್ಯಾಸಕನೇ ಕಿರಿದಾಗಿ ಬರೆದಿದ್ದರೆ ನಿಂತ ಗೆರೆಯನ್ನು ಹೀಗೆ ಬಡವಾಗಿಸುತ್ತಿರಲಿಲ್ಲ. ಎರಡೂ ಅಳತೆ ಒಂದೇ ಮಾತು ಹೇಳುತ್ತಿರುವುದರಿಂದ ಸಾಲನ್ನು ಶೇ 85ಕ್ಕೆ ಒತ್ತಿದ್ದಾರೆ ಎಂದು ನಂಬಬಹುದು. ಚಿತ್ರದ ತುಣುಕನ್ನು ಅಡ್ಡಕ್ಕೆ ಶೇ 118ರಷ್ಟು ಎಳೆದರೆ ಅಕ್ಷರ ತನ್ನ ಮೂಲ ರೂಪಕ್ಕೆ ಬರುತ್ತದೆ. ಮಾದರಿ ಹಾಳೆಯೊಂದಿಗೆ ಹೋಲಿಸಬೇಕಾದದ್ದು ಈ ರೂಪವನ್ನು.

ಈ ಲೆಕ್ಕ ನಡೆಯುವುದು ಗೆರೆ ಎಲ್ಲೆಡೆ ಒಂದೇ ದಪ್ಪ ಇರುವ ಫಾಂಟುಗಳಲ್ಲಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಬರವಣಿಗೆಯ ಶೈಲಿಯಲ್ಲಿ ಸೊನ್ನೆಯ ಗೆರೆಯೂ ಸಹಜವಾಗಿಯೇ ಏರುಪೇರಾಗಿರುತ್ತದೆ. ಇನ್ನು ಔಟ್‌ಲೈನ್ ಸುತ್ತಿದ್ದಾರೆಯೇ ಎಂದು ತಿಳಿಯಲು ಚೂಪಾಗಿರಬೇಕಾದ ಮೂಲೆಗಳನ್ನು, ಒಳಗಿನ ಖಾಲಿ ಜಾಗಗಳನ್ನು ನೋಡಬೇಕು. ಮೂಲೆ ಎಲ್ಲ ಕಡೆ ಒಂದೇ ಸಮ ದುಂಡಗಾಗಿ, ಣ ದ ಸುರುಳಿಗಳ ಒಳಗಿನ ಕಿಂಡಿ ಮುಚ್ಚಿಕೊಂಡು ಬಂದಿದ್ದರೆ ಅದು ಬೋಲ್ಡ್ ಫಾಂಟಲ್ಲ, ಔಟ್‌ಲೈನ್ ಸುತ್ತಿದ ರೆಗ್ಯುಲರ್.

ಅಳೆಯುವಾಗ ಜೆಪೆಗ್‌ನ ಅಂಚಿನ ಮಸುಕು ತೊಂದರೆ ಕೊಡುತ್ತದೆ. ಗೆರೆ ಎಲ್ಲಿಂದ ಶುರುವಾಯಿತು ಎಂದು ಹೇಳುವುದೇ ಕಷ್ಟ. ಹಿನ್ನೆಲೆ ಮತ್ತು ಅಕ್ಷರದ ಬಣ್ಣಗಳ ನಟ್ಟನಡುವಿನ ಛಾಯೆ ಬರುವ ಜಾಗವನ್ನೇ ಅಂಚು ಎಂದು ಹಿಡಿದು, ಎಲ್ಲ ಕಡೆ ಅದೇ ನಿಯಮ ಪಾಲಿಸಿದರೆ ಅನುಪಾತ ಕೆಡುವುದಿಲ್ಲ. ಗೆರೆ ಮೂರು ನಾಲ್ಕು ಪಿಕ್ಸೆಲ್ ಮಾತ್ರ ಇರುವ ಸಣ್ಣ ಚಿತ್ರದಲ್ಲಿ ಒಂದು ಪಿಕ್ಸೆಲ್ ತಪ್ಪಿದರೂ ಲೆಕ್ಕ ಶೇ 25–33ರಷ್ಟು ಆಚೀಚೆ ಆಗುತ್ತದೆ. ಅಲ್ಲಿ ಅಳತೆಯನ್ನು ನಂಬುವುದಕ್ಕಿಂತ ಕಣ್ಣಿನ ಅಂದಾಜೇ ವಾಸಿ.

ಮೇಲಿಟ್ಟು ನೋಡುವುದು

ಸಾಲಿನಲ್ಲಿ ಬದಲಾಗದೆ ಉಳಿಯುವ ಪದವೇ ಪರೀಕ್ಷೆಯ ಪದ. ನಮ್ಮ ಉದಾಹರಣೆಯಲ್ಲಿ ‘ಕಲ್ಯಾಣ ಮಂಟಪ’. ಹಾಳೆಯಿಂದ ಆರಿಸಿದ ಎರಡು ಮೂರು ಫಾಂಟುಗಳಲ್ಲಿ ಅದನ್ನು ಬರೆದು, ಒಡಲಿನ ಎತ್ತರ ಸರಿಮಾಡಿ, ಎಡ ಅಂಚು ಕೂಡಿಸಿ ಚಿತ್ರದ ಮೇಲಿಡಬೇಕು. ಫೋಟೋಶಾಪ್ ಅಥವಾ ಗಿಂಪ್‌ನಲ್ಲಿ ಮೇಲಿನ ಪದರಕ್ಕೆ ಡಿಫರೆನ್ಸ್ ಮೋಡ್ ಕೊಟ್ಟರೆ ಎರಡೂ ಒಂದೇ ಆಗಿರುವ ಕಡೆ ಕಪ್ಪಾಗಿ, ಬೇರೆಯಾಗಿರುವ ಕಡೆ ಬೆಳಕಾಗಿ ಕಾಣುತ್ತದೆ. ಪಾಯಿಂಟ್ ಸೈಜಿನ ಸಂಖ್ಯೆಯನ್ನು ನೆಚ್ಚಿಕೊಳ್ಳಬಾರದು. ಒಂದೇ 24 ಪಾಯಿಂಟಿನಲ್ಲಿ ಒಂದು ಕನ್ನಡ ಫಾಂಟು ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಾಣುವುದು ಮಾಮೂಲು.

ಬೆಳಕು ಎಲ್ಲಿ ಉಳಿಯಿತು ಎಂಬುದೇ ಉತ್ತರ. ಪ್ರತಿ ಅಕ್ಷರವೂ ಆಕಾರದಲ್ಲಿ ಸರಿ, ಆದರೆ ಬಲಕ್ಕೆ ಹೋದಂತೆಲ್ಲ ಒಂದೇ ಪ್ರಮಾಣದಲ್ಲಿ ಸರಿಯುತ್ತಿದೆ ಎಂದರೆ ಫಾಂಟು ಸರಿಯಿದೆ, ಅಕ್ಷರಗಳ ನಡುವಿನ ಅಂತರ ಬೇರೆ. ಎಲ್ಲ ಅಕ್ಷರಗಳ ಸುತ್ತಲೂ ತೆಳುವಾದ ಬೆಳಕಿನ ಬಳೆ ಉಳಿದರೆ ದಪ್ಪ ಬೇರೆ. ಒಡಲುಗಳೆಲ್ಲ ಕಪ್ಪಾಗಿ, ಣ ದ ಸುರುಳಿಯೂ ಲ್ಯಾ ದ ಯ ಒತ್ತೂ ಮಾತ್ರ ಹೊಳೆಯುತ್ತಿದ್ದರೆ ಅದು ಬೇರೆ ಫಾಂಟು, ಆದರೆ ಹತ್ತಿರದ ನೆಂಟ.

ಸಿಗದಿದ್ದಾಗ ಯಾವುದನ್ನು ಬಿಟ್ಟುಕೊಡಬಹುದು

ನಿಜವಾದ ಆಯ್ಕೆ ಶುರುವಾಗುವುದು ಇಲ್ಲಿಂದ. ಎಲ್ಲ ಗುಣಗಳೂ ಹೊಂದುವ ಬದಲಿ ಸಿಗದು ಎಂದಾಗ ಯಾವುದನ್ನು ಉಳಿಸಿಕೊಳ್ಳಬೇಕು? ಓದುವವನು ಅಕ್ಷರದ ಬಾಲವನ್ನು ನೋಡುವ ಮೊದಲು ಸಾಲಿನ ಕಪ್ಪನ್ನು ನೋಡುತ್ತಾನೆ. ಪಕ್ಕದ ಸಾಲಿಗಿಂತ ಹೊಸದು ದಪ್ಪ ಅಥವಾ ತೆಳು ಕಂಡರೆ ದೂರದಿಂದಲೇ ಗೊತ್ತಾಗುತ್ತದೆ. ಆದ್ದರಿಂದ ಗೆರೆಯ ದಪ್ಪಕ್ಕೆ ಮೊದಲ ಸ್ಥಾನ, ಒಡಲಿನ ಎತ್ತರಕ್ಕೆ ಎರಡನೆಯದು, ಅಗಲ ಮತ್ತು ಅಂತರಕ್ಕೆ ಮೂರನೆಯದು. ತಲೆಕಟ್ಟಿನ ತುದಿಯಂಥ ಸೂಕ್ಷ್ಮಗಳು ಕೊನೆಗೆ. ಹೆಸರು ಹುಡುಕುವಾಗ ಈ ಸೂಕ್ಷ್ಮಗಳೇ ಮೊದಲು ಬರುತ್ತಿದ್ದವು. ಬದಲಿ ಆರಿಸುವಾಗ ಕ್ರಮ ತಲೆಕೆಳಗಾಗುತ್ತದೆ.

ವೇರಿಯೇಬಲ್ ಫಾಂಟುಗಳು ಈ ಕೆಲಸವನ್ನು ಬಹಳ ಹಗುರ ಮಾಡಿವೆ. ಅನೇಕ್ ಕನ್ನಡದಲ್ಲಿ ತೂಕವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಬೇಕಾದ ಬಿಂದುವಿಗೆ ಇಟ್ಟುಕೊಳ್ಳಬಹುದು. ನೋಟೊ ಸ್ಯಾನ್ಸ್ ಕನ್ನಡದಲ್ಲೂ ತೂಕ, ಅಗಲ ಎರಡೂ ಬದಲಾಗುತ್ತವೆ. ನಮ್ಮ ಸೊನ್ನೆಯ ಗೆರೆ, ಎಳೆದು ಸರಿಮಾಡಿದ ಮೇಲೆ, 40 ಪಿಕ್ಸೆಲ್ ಎತ್ತರಕ್ಕೆ 7 ಪಿಕ್ಸೆಲ್ ಇತ್ತು. ಆರಿಸಿದ ಫಾಂಟಿನಲ್ಲಿ ಅದೇ ಎತ್ತರಕ್ಕೆ 400 ತೂಕದಲ್ಲಿ 6, 700ರಲ್ಲಿ 9 ಪಿಕ್ಸೆಲ್ ಬಂತು ಎನ್ನಿ. 300 ತೂಕಕ್ಕೆ 3 ಪಿಕ್ಸೆಲ್ ಏರಿದೆ, ನಮಗೆ ಬೇಕಾದದ್ದು ಒಂದು ಪಿಕ್ಸೆಲ್ ಏರಿಕೆ. 500ರ ಹತ್ತಿರ ಇಟ್ಟರೆ ಸರಿಹೋಗುತ್ತದೆ. ಆಮೇಲೆ ಹೊಸ ಪದವನ್ನೂ ಅಡ್ಡಕ್ಕೆ ಶೇ 85ಕ್ಕೆ ಒತ್ತಬೇಕು. ಸಾಮಾನ್ಯವಾಗಿ ಅಕ್ಷರವನ್ನು ಹೀಗೆ ಒತ್ತುವುದು ತಪ್ಪು ಅಭ್ಯಾಸವೇ. ಆದರೆ ಪಕ್ಕದಲ್ಲಿ ಉಳಿಯುವ ಅಕ್ಷರಗಳೆಲ್ಲ ಒತ್ತಿದವೇ ಆಗಿರುವಾಗ ಹೊಸದೊಂದೇ ನೆಟ್ಟಗಿದ್ದರೆ ಅದೇ ಎದ್ದು ಕಾಣುತ್ತದೆ.

ಇನ್ನೊಂದು ಪರೀಕ್ಷೆಯನ್ನು ಹೊಸ ಪದದ ಮೇಲೆಯೇ ಮಾಡಬೇಕು. ‘ಕಲ್ಯಾಣ ಮಂಟಪ’ ಹೊಂದಿತು ಎಂದ ಮಾತ್ರಕ್ಕೆ ‘ಲಕ್ಷ್ಮೀ’ ಹೊಂದಬೇಕೆಂದಿಲ್ಲ. ಅಲ್ಲಿ ಕ ದ ಕೆಳಗೆ ಷ ಮತ್ತು ಮ ಎರಡು ಒತ್ತುಗಳಿವೆ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಕೆಲವು ಫಾಂಟುಗಳು ಒತ್ತುಗಳನ್ನು ಬಲಕ್ಕೆ ಸಾಲಾಗಿ ಇಡುತ್ತವೆ, ಕೆಲವು ಒಂದರ ಕೆಳಗೊಂದು ಇಳಿಸುತ್ತವೆ. ಇಳಿಸುವ ಫಾಂಟು ಆರಿಸಿದರೆ ಎರಡನೆಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಳೆಯ ಪತ್ರಿಕೆಯ ಸಾಲಿನ ಅಂತರವನ್ನು ಹಳೆಯ ಫಾಂಟಿಗೆ ತಕ್ಕಂತೆ ಇಟ್ಟಿರುತ್ತಾರೆ, ಅದನ್ನು ಬದಲಾಯಿಸಲು ನಮಗೆ ಜಾಗವಿಲ್ಲ. ಹಾಗಾಗಿ ಚೆಲುವಾದ ಫಾಂಟಿಗಿಂತ ಒತ್ತು ಕಡಿಮೆ ಇಳಿಯುವ ಫಾಂಟು ಗೆಲ್ಲುತ್ತದೆ. ಒತ್ತಿನ ಬದಲು ಅರ್ಧಾಕ್ಷರದ ಗುರುತು ಬಿಡಿಯಾಗಿ ಕಂಡರೆ ದೋಷ ಫಾಂಟಿನದಲ್ಲದಿರಬಹುದು. ಫೋಟೋಶಾಪಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿದೆಯೇ ನೋಡಿ.

ಫಾಂಟು ಹೊಂದಿದ ಮೇಲೂ ಹೊಸ ಪದ ಬೇರೆಯಾಗಿ ಕಾಣುತ್ತಿದ್ದರೆ ಅದು ಅತಿಯಾಗಿ ಚೊಕ್ಕಟವಾಗಿರುವುದೇ ಕಾರಣ. ಸುತ್ತಲಿನ ಅಕ್ಷರಗಳ ಅಂಚು ಮಸುಕಾಗಿದೆ, ಇದರದು ಚೂಪು. ಅರ್ಧ ಪಿಕ್ಸೆಲಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬ್ಲರ್ ಕೊಟ್ಟು ಪಕ್ಕದ ಅಕ್ಷರದ ಅಂಚಿಗೆ ಸರಿಮಾಡಬೇಕು. ಬಣ್ಣವನ್ನು ಹಳೆಯ ಗೆರೆಯ ನಡುವಿನಿಂದ ತೆಗೆಯಬೇಕು, ಅಂಚಿನಿಂದ ತೆಗೆದರೆ ಹಿನ್ನೆಲೆ ಬೆರೆತ ಬಣ್ಣ ಬರುತ್ತದೆ.

ಎಷ್ಟು ಹತ್ತಿರ ಸಾಕು?

ತಿದ್ದುಪಡಿ ಚಿಕ್ಕದಾದಷ್ಟೂ ಹೊಂದಿಕೆ ಬಿಗಿಯಾಗಿರಬೇಕು ಎಂಬುದು ಮೊದಲ ನೋಟಕ್ಕೆ ವಿಚಿತ್ರ ಅನಿಸಬಹುದು. ಪದದ ನಡುವಿನ ಒಂದೇ ಅಕ್ಷರ ಬದಲಾಗಬೇಕಾದರೆ ಎರಡೂ ಪಕ್ಕದಲ್ಲಿ ಹಳೆಯ ಅಕ್ಷರಗಳಿರುತ್ತವೆ, ಕಣ್ಣು ತಕ್ಷಣ ಹೋಲಿಸುತ್ತದೆ. ಇಂಥಲ್ಲಿ ಫಾಂಟು ಹುಡುಕುವ ಬದಲು ಅದೇ ಚಿತ್ರದ ಬೇರೆ ಕಡೆಯಿಂದ ಅಕ್ಷರವನ್ನು ಕತ್ತರಿಸಿ ತರುವುದು ಒಳ್ಳೆಯದು. ತಾರೀಖು 12 ಹೋಗಿ 21 ಆಗಬೇಕಾದರೆ ಬೇಕಾದ ಎರಡೂ ಅಂಕಿ ಅಲ್ಲೇ ಇವೆ. ಪದ ಬದಲಾಗುವಾಗ ಮೇಲೆ ಹೇಳಿದ ಅಳತೆಯ ದಾರಿ. ಇಡೀ ಸಾಲು ಬದಲಾಗುವುದಾದರೆ ದಪ್ಪ ಮತ್ತು ಎತ್ತರ ಹೊಂದಿದರೆ ಸಾಕು, ಮೇಲೆ ಕೆಳಗಿನ ಸಾಲುಗಳೊಂದಿಗೆ ಅಕ್ಷರಕ್ಕಕ್ಷರ ಯಾರೂ ಹೋಲಿಸುವುದಿಲ್ಲ.

ಇದನ್ನೇ ತಿರುಗಿಸಿ ಬಳಸಿಕೊಳ್ಳಬಹುದು. ‘ಲಕ್ಷ್ಮೀ’ ಎಷ್ಟು ತಿದ್ದಿದರೂ ‘ಕಲ್ಯಾಣ ಮಂಟಪ’ದ ಪಕ್ಕ ಕೂರುತ್ತಿಲ್ಲ ಎಂದಾದರೆ ಇಡೀ ಸಾಲನ್ನೇ ಅಳಿಸಿ ಹೊಸ ಫಾಂಟಿನಲ್ಲಿ ಬರೆಯುವುದು ಜಾಣತನ. ಸಾಲೂ ಹೊಂದದಿದ್ದರೆ ಸ್ಥಳ, ಸಮಯ, ವಿಳಾಸದ ಇಡೀ ತುಂಡನ್ನೇ ಬದಲಾಯಿಸಿ. ಆಗ ಸ್ಪಷ್ಟವಾಗಿ ಬೇರೆಯಾದ ಶೈಲಿಯನ್ನೇ ಆರಿಸುವುದು ಮೇಲು. ಪಠ್ಯ ಒಂದು ಫಾಂಟಿನಲ್ಲಿ, ವಿಳಾಸ ಇನ್ನೊಂದರಲ್ಲಿ ಇರುವುದು ವಿನ್ಯಾಸದಂತೆ ಕಾಣುತ್ತದೆ. ಹೊಂದಿಯೂ ಹೊಂದದ ಅಕ್ಷರ ಮಾತ್ರ ತೇಪೆಯಂತೆ ಕಾಣುತ್ತದೆ.

ಅಂಕಪಟ್ಟಿ, ಪಹಣಿ, ಪ್ರಮಾಣಪತ್ರಗಳ ಚಿತ್ರ ಹಿಡಿದು ಬಂದವರಿಗೆ ಈ ಯಾವ ದಾರಿಯೂ ಇಲ್ಲ. ಆ ಕಾಗದದ ಮೇಲೆ ಒಂದು ಅಂಕಿ ತಿದ್ದುವುದೂ ನಕಲಿ ದಾಖಲೆ ಸೃಷ್ಟಿಸಿದಂತೆ, ಸರಿಪಡಿಸಬೇಕಾದದ್ದು ಅದನ್ನು ಕೊಟ್ಟ ಕಚೇರಿ. ಉಳಿದ ಕೆಲಸಗಳಲ್ಲಿ ಕೊನೆಯ ತೀರ್ಪು ಪರದೆಯ ಮೇಲಲ್ಲ. ಪರದೆಯಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ ನೋಡುತ್ತಾ ಕುಳಿತರೆ ಯಾವ ಹೊಂದಿಕೆಯೂ ತೃಪ್ತಿ ಕೊಡುವುದಿಲ್ಲ. ನಿಜವಾದ ಅಳತೆಯಲ್ಲಿ ಒಂದು ಪ್ರತಿ ಮುದ್ರಿಸಿ, ತಿದ್ದಿದ್ದು ಎಲ್ಲಿ ಎಂದು ಹೇಳದೆ ಇನ್ನೊಬ್ಬರ ಕೈಗೆ ಕೊಡಿ. ಅವರು ಮಂಟಪದ ಹೆಸರು ಓದಿ ಮುಂದಿನ ಸಾಲಿಗೆ ಹೋದರೆ ಆ ಫಾಂಟು ಸಾಕು. ಕಣ್ಣು ಅಲ್ಲೇ ನಿಂತರೆ ಮತ್ತೆ ಮೇಲಿಟ್ಟು ನೋಡಿ, ಮೊದಲು ದಪ್ಪವನ್ನು, ಆಮೇಲೆ ಎತ್ತರವನ್ನು.